2024ನೇ ಸಾಲಿನ ‘ವರ್ಷದ ಉದ್ಯೋಗಿ’ ಪ್ರಶಸ್ತಿ: ಅಭಿನಂದನಾ ಪತ್ರ

ಶ್ರೀಮತಿ ಸುಮಿತ್ರಾ ಅವರಿಗೆ,
ಹಿರಿಯ ಮೇಲ್ವಿಚಾರಕರು, ಬಿಡಿಭಾಗಗಳ ಗೋದಾಮು

ಮಾನ್ಯರೇ,

2024ರ ಜನವರಿಯಲ್ಲಿ ತಾವು ಗೋದಾಮಿನ ಹೊಣೆ ಹೊತ್ತಾಗ, ಆರ್ಡರ್ ಬಂದ ಮೇಲೆ ಸರಕು ಲಾರಿ ಏರಲು ಸರಾಸರಿ 46 ಗಂಟೆ ಹಿಡಿಯುತ್ತಿತ್ತು. ಡಿಸೆಂಬರ್‌ನಲ್ಲಿ ಅದು 19 ಗಂಟೆಗೆ ಇಳಿದಿತ್ತು. ಕಳುಹಿಸಿದ ಪ್ರತಿ 1000 ಪೆಟ್ಟಿಗೆಗಳಲ್ಲಿ 23 ಪೆಟ್ಟಿಗೆಗಳು ‘ತಪ್ಪು ಮಾಲು’ ಎಂದು ಹಿಂದಿರುಗುತ್ತಿದ್ದವು. ವರ್ಷದ ಕೊನೆಯ ಮೂರು ತಿಂಗಳಲ್ಲಿ ಹಾಗೆ ಹಿಂದಿರುಗಿದ್ದು ಸಾವಿರಕ್ಕೆ 6. ಇದಕ್ಕಾಗಿ ಹೊಸ ಯಂತ್ರ ಕೊಂಡಿಲ್ಲ, ಹೆಚ್ಚುವರಿ ಸಿಬ್ಬಂದಿಯನ್ನೂ ತಾವು ಕೇಳಲಿಲ್ಲ.

ಮಾಡಿದ್ದು ಸರಳ ಕೆಲಸ. ಅತಿ ಹೆಚ್ಚು ಬೇಡಿಕೆಯ 40 ಭಾಗಗಳನ್ನು ಹಿಂದಿನ ಸಾಲಿನಿಂದ ಬಾಗಿಲ ಬಳಿಗೆ ತಂದಿರಿ. ನೋಡಲು ಒಂದೇ ಥರ ಇರುವ ಭಾಗಗಳನ್ನು ಅಕ್ಕಪಕ್ಕದ ರ್‍ಯಾಕ್‌ಗಳಿಂದ ಬೇರ್ಪಡಿಸಿದಿರಿ. ಹಿಂದಿರುಗಿದ ಒಂದೊಂದು ಪೆಟ್ಟಿಗೆಯನ್ನೂ ಬಿಚ್ಚಿ, ತಪ್ಪು ಎಲ್ಲಿ ಆಯಿತೆಂದು ಅದನ್ನು ಕಟ್ಟಿದವರ ಜೊತೆಗೇ ಕೂತು ನೋಡಿದಿರಿ. ಆ ಮಾತುಕತೆಗಳಲ್ಲಿ ಯಾರನ್ನೂ ಗದರಿಸಲಿಲ್ಲ ಎಂಬುದನ್ನು ಮೂವರು ಸಹೋದ್ಯೋಗಿಗಳು ಆಯ್ಕೆ ಸಮಿತಿಗೆ ತಾವಾಗಿಯೇ ಬರೆದು ತಿಳಿಸಿದ್ದಾರೆ.

ಸಮಿತಿಯನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಫೆಬ್ರವರಿಯ ವರದಿ. ವರ್ಷಕ್ಕೊಮ್ಮೆ ನಡೆಯುತ್ತಿದ್ದ ದಾಸ್ತಾನು ಎಣಿಕೆಯನ್ನು ತಾವು ದಿನಕ್ಕೊಂದು ರ್‍ಯಾಕ್‌ನಂತೆ ಶುರು ಮಾಡಿದಿರಿ. ಪುಸ್ತಕದ ಲೆಕ್ಕಕ್ಕೂ ರ್‍ಯಾಕ್‌ನ ಲೆಕ್ಕಕ್ಕೂ ಇದ್ದ ವ್ಯತ್ಯಾಸ ಶೇ. 3.8ರಿಂದ ಕಡಿಮೆಯಾಗುವ ಬದಲು ಶೇ. 5.1ಕ್ಕೆ ಏರಿತು. ಹೊಸದಾಗಿ ಹೊಣೆ ಹೊತ್ತವರಿಗೆ ಅದು ಮುಜುಗರದ ಸಂಖ್ಯೆ. ಆದರೂ ಅದನ್ನು ಹಾಗೆಯೇ ಸಲ್ಲಿಸಿ, ಕೆಳಗೆ ಒಂದು ಸಾಲು ಸೇರಿಸಿದಿರಿ: “ಇದು ಈ ತಿಂಗಳ ನಷ್ಟವಲ್ಲ, ಈ ತಿಂಗಳು ಕಣ್ಣಿಗೆ ಬಿದ್ದ ಹಳೆಯ ನಷ್ಟ.” ಡಿಸೆಂಬರ್ ಕೊನೆಗೆ ಆ ವ್ಯತ್ಯಾಸ ಶೇ. 0.9. ಫೆಬ್ರವರಿಯ ಸಂಖ್ಯೆಯನ್ನು ಮುಚ್ಚಿಡದೆ ಇದ್ದುದರಿಂದಲೇ ಡಿಸೆಂಬರ್‌ನ ಸಂಖ್ಯೆಯನ್ನು ನಾವು ನಂಬುತ್ತೇವೆ.

ವರ್ಷದಲ್ಲಿ ತಾವು ತರಬೇತಿ ನೀಡಿದ 14 ಹೊಸಬರಲ್ಲಿ 13 ಮಂದಿ ಇಂದಿಗೂ ಇಲ್ಲೇ ಇದ್ದಾರೆ. ಹಿಂದಿನ ವರ್ಷ 7 ಮಂದಿಗೆ ಕೆಲಸದ ವೇಳೆ ಗಾಯವಾಗಿತ್ತು, 2024ರಲ್ಲಿ ಒಬ್ಬರಿಗೆ. ‘ಆ ಒಂದನ್ನೂ ಪತ್ರದಲ್ಲಿ ಬರೆಯಿರಿ’ ಎಂದು ತಾವೇ ಹೇಳಿದ್ದರಿಂದ ಅದನ್ನು ಇಲ್ಲಿ ದಾಖಲಿಸಿದ್ದೇವೆ.

ಮೇಲಿನ ಅಂಕಿಗಳೆಲ್ಲವನ್ನೂ ಆಂತರಿಕ ಲೆಕ್ಕ ಪರಿಶೋಧನಾ ವಿಭಾಗ ಪರಿಶೀಲಿಸಿದೆ. ಆಯ್ಕೆ ಸಮಿತಿಯ ಐವರು ಸದಸ್ಯರ ಒಮ್ಮತದ ಶಿಫಾರಸಿನಂತೆ, 2024ನೇ ಸಾಲಿನ ‘ವರ್ಷದ ಉದ್ಯೋಗಿ’ ಪ್ರಶಸ್ತಿಯನ್ನು ತಮಗೆ ಗೌರವಪೂರ್ವಕವಾಗಿ ಪ್ರದಾನ ಮಾಡುತ್ತಿದ್ದೇವೆ. ದಯವಿಟ್ಟು ಸ್ವೀಕರಿಸಬೇಕು.

ಆಡಳಿತ ಮಂಡಳಿ ಮತ್ತು ಆಯ್ಕೆ ಸಮಿತಿಯ ಪರವಾಗಿ,
ವ್ಯವಸ್ಥಾಪಕ ನಿರ್ದೇಶಕರು