ಸುಮಾಗೆ, ಅಂಗಡಿಯ ಮೊದಲ ಆಷಾಢದಲ್ಲಿ

ಪ್ರೀತಿಯ ಸುಮಾ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜು ಓದಿದೆ. "ಇವತ್ತು ವ್ಯಾಪಾರ ಬರೀ ಮುನ್ನೂರ ನಲವತ್ತು ರೂಪಾಯಿ ಕಣೆ. ದುಡುಕಿಬಿಟ್ಟೆನಾ?" ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಎಲ್ಲಾ ಒಳ್ಳೇದಾಗುತ್ತೆ ಅಂತ ಸುಮ್ನೆ ಹೇಳಲ್ಲ. ನಿನ್ನ ಮ್ಯಾಚಿಂಗ್ ಸೆಂಟರ್ ಉಳಿಯುತ್ತೋ ಇಲ್ಲವೋ ಇಷ್ಟು ಬೇಗ ಯಾರಿಗೂ ಗೊತ್ತಾಗಲ್ಲ. ಆದರೆ ಉಳಿಯುತ್ತೆ ಅನ್ನುವ ನಂಬಿಕೆ ನನಗೆ ಜಾಸ್ತಿ ಇದೆ, ಅದಕ್ಕೆ ಕಾರಣಗಳೂ ಇವೆ.

ಮೊದಲು ಈ ತಿಂಗಳ ಮಾತು. ಇದು ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಸೀರೆ ಅಂಗಡಿಯವರೇ ಆಷಾಢ ಸೇಲ್ ಅಂತ ಬೋರ್ಡು ಹಾಕಿಕೊಂಡು ಗಿರಾಕಿ ಕರೆಯುತ್ತಿದ್ದಾರೆ. ಸೇಲಿನಲ್ಲಿ ಸೀರೆ ತಗೊಂಡವರೂ ಈಗಲೇ ಬ್ಲೌಸ್ ಹೊಲಿಸಲ್ಲ, ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ. ಮ್ಯಾಚಿಂಗ್ ಸೆಂಟರಿಗೆ ಇದರಷ್ಟು ಸಪ್ಪೆ ತಿಂಗಳು ಬೇರೆ ಇಲ್ಲ. ಜನಕ್ಕೆ ನಿನ್ನ ಅಂಗಡಿ ಅಲ್ಲಿದೆ ಅಂತ ಗೊತ್ತಾಗುವ ಮೊದಲೇ ಆಷಾಢ ಬಂತು. ಈ ಮುನ್ನೂರ ನಲವತ್ತನ್ನು ಇಟ್ಟುಕೊಂಡು ವರ್ಷದ ಲೆಕ್ಕ ಹಾಕಬೇಡ. ಹಾಗೇ ವರಮಹಾಲಕ್ಷ್ಮಿ ಹಬ್ಬದ ವಾರದಲ್ಲಿ ಒಂದು ದಿನ ಐದು ಸಾವಿರ ಆದರೆ ಅದನ್ನು ಇಟ್ಟುಕೊಂಡೂ ಹಾಕಬೇಡ. ಶ್ರಾವಣ, ಗೌರಿ ಹಬ್ಬ, ದಸರಾ, ದೀಪಾವಳಿ, ಕಾರ್ತಿಕದ ಮದುವೆಗಳು, ಆಮೇಲೆ ಧನುರ್ಮಾಸದಲ್ಲಿ ಮತ್ತೆ ತಣ್ಣಗೆ. ಈ ಒಂದು ಸುತ್ತು ಮುಗಿದ ಮೇಲೆ ತಿಪಟೂರಿನಲ್ಲಿ ನಿನ್ನ ಅಂಗಡಿಗೆ ಏನು ಬೆಲೆ ಅಂತ ಗೊತ್ತಾಗುತ್ತೆ. ನಿಮ್ಮೂರಲ್ಲಿ ಇನ್ನೂ ಒಂದಿದೆ, ಕೊಬ್ಬರಿ ರೇಟು. ಅದು ಏರಿದಾಗ ಪೇಟೆಯಲ್ಲಿ ದುಡ್ಡು ಓಡಾಡುತ್ತೆ, ಬಿದ್ದಾಗ ಎಲ್ಲರ ಕೈ ಬಿಗಿಯಾಗುತ್ತೆ. ಅದು ನಿನ್ನ ತಪ್ಪೂ ಅಲ್ಲ, ನಿನ್ನ ಜಾಣತನವೂ ಅಲ್ಲ.

ನನಗೆ ನಂಬಿಕೆ ಯಾಕೆ ಅಂದರೆ, ಹೋದ ತಿಂಗಳು ನಿನ್ನ ಅಂಗಡಿಯಲ್ಲಿ ಅರ್ಧ ದಿನ ಕೂತಿದ್ದೆನಲ್ಲ, ಆಗ ಕಂಡದ್ದು. ಒಬ್ಬ ಆಂಟಿ ನವಿಲು ಬಣ್ಣದ ರೇಷ್ಮೆ ಸೀರೆ ತಂದಿದ್ದರು. ನೀನು ಟ್ಯೂಬ್‌ಲೈಟ್ ಕೆಳಗೆ ಫಾಲ್ ತೋರಿಸಿ ಮುಗಿಸಲಿಲ್ಲ. ಸೀರೆಯನ್ನೂ ಎರಡು ಫಾಲನ್ನೂ ಬಾಗಿಲ ಹತ್ತಿರ ಬಿಸಿಲಿಗೆ ತಂದೆ. ಒಳಗೆ ಒಂದೇ ಥರ ಕಂಡ ಬಣ್ಣ ಹೊರಗೆ ಬಂದಾಗ ಒಂದು ಹಸಿರಿಗೆ ತಿರುಗಿತು, ಇನ್ನೊಂದು ನೀಲಿಗೆ. "ಇವೆರಡೂ ಬೇಡ ಆಂಟಿ, ಮುಂದಿನ ವಾರ ತರಿಸಿ ಫೋನ್ ಮಾಡ್ತೀನಿ" ಅಂದೆ. ಅವರು ಏನೂ ತಗೊಳ್ಳದೆ ಹೋದರು. ಆದರೆ ತಮ್ಮ ನಂಬರು ನಿನ್ನ ಹತ್ತಿರ ಬರೆಸಿ ಹೋದರು. ಅವತ್ತೇ ಇನ್ನೊಬ್ಬರು ಕೆಂಪು ಕಾಟನ್ ಲೈನಿಂಗ್ ಕೇಳಿದಾಗ, ಬಟ್ಟೆಯ ತುದಿಗೆ ನೀರು ಮುಟ್ಟಿಸಿ ನಿನ್ನ ಬಿಳಿ ಕರ್ಚೀಫಿಗೆ ಉಜ್ಜಿದೆ. ಬಣ್ಣ ಅಂಟಿತು. "ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ ಆಮೇಲೆ ಟೈಲರಿಗೆ ಕೊಡಿ, ಇಲ್ಲದಿದ್ರೆ ಕುಗ್ಗಿ ಬ್ಲೌಸ್ ಎಳೆಯುತ್ತೆ" ಅಂತ ಹೇಳಿ ಕೊಟ್ಟೆ. ಇದು ಹೊಸದಾಗಿ ಅಂಗಡಿ ಇಟ್ಟವರಿಗೆ ಬರುವ ಬುದ್ಧಿಯಲ್ಲ. ಸೀರೆ ಅಂಗಡಿಯಲ್ಲಿ ಅಷ್ಟು ವರ್ಷ ನಿಂತು ಕೆಲಸ ಮಾಡಿದ್ದು ಎಲ್ಲೂ ಹೋಗಿಲ್ಲ ಸುಮಾ, ನಿನ್ನ ಕೈಯಲ್ಲಿ, ಕಣ್ಣಲ್ಲಿ ಇದೆ. ಬ್ಲೌಸ್ ಕೆಟ್ಟರೆ ಹೆಂಗಸರು ಮರೆಯಲ್ಲ. ಕೆಡದ ಹಾಗೆ ನೋಡಿಕೊಂಡವರನ್ನೂ ಮರೆಯಲ್ಲ.

ಪಕ್ಕದ ಅಂಗಡಿಯವರು "ಆನ್‌ಲೈನ್ ಕಾಲದಲ್ಲಿ ಇಲ್ಲಿಗೆ ಯಾರು ಬರ್ತಾರೆ" ಅಂದರು ಅಂತ ಬೇಜಾರು ಮಾಡಿಕೊಂಡಿದ್ದೆ. ಅವರ ಮಾತು ಪೂರ್ತಿ ಸುಳ್ಳಲ್ಲ. ರೆಡಿಮೇಡ್ ಬ್ಲೌಸು, ಸ್ಟ್ರೆಚ್ ಬ್ಲೌಸು ಜಾಸ್ತಿ ಆಗಿವೆ. ಕಾಲೇಜು ಹುಡುಗಿಯರು ಅಳತೆ ಕೊಟ್ಟು ಹೊಲಿಸುವುದು ಕಡಿಮೆ. ಆದರೆ ಸೀರೆಗೆ ಸರಿಯಾದ ಬಣ್ಣ ಫೋನಿನ ಪರದೆಯಲ್ಲಿ ಸಿಗಲ್ಲ, ನಾಳೆ ಸಂಜೆಯ ಫಂಕ್ಷನ್ನಿಗೆ ಇವತ್ತು ಬೇಕಾದ ಲೈನಿಂಗು ಕೊರಿಯರಿನಲ್ಲಿ ಬರಲ್ಲ. ನಿನ್ನ ಜಾಗ ಅದು.

ಈಗ ದುಡ್ಡಿನ ವಿಷಯ. ನೀನು ಹೇಳಿದ ಅಂಕಿಗಳನ್ನೇ ಕೂಡಿದೆ. ಬಾಡಿಗೆ 5,500, ಕರೆಂಟು 500, ಬಳೆ ಅಡವಿಟ್ಟಿದ್ದರ ಬಡ್ಡಿ 1,000, ಓಡಾಟ ಮತ್ತು ಸಾಗಣೆ 1,000. ತಿಂಗಳಿಗೆ 8,000. ನೂರು ರೂಪಾಯಿ ವ್ಯಾಪಾರಕ್ಕೆ ಸರಾಸರಿ ಮೂವತ್ತು ಉಳಿಯುತ್ತೆ ಅಂದೆ. ಹಾಗಾದರೆ ತಿಂಗಳಿಗೆ ಇಪ್ಪತ್ತೇಳು ಸಾವಿರದ ಹತ್ತಿರ ವ್ಯಾಪಾರ ಆಗಬೇಕು. ಇಪ್ಪತ್ತಾರು ದಿನ ಅಂಗಡಿ ತೆರೆದರೆ, ದಿನಕ್ಕೆ ಸುಮಾರು ಸಾವಿರ. ಸಾವಿರ ಆದ ದಿನ ಅಂಗಡಿ ತನ್ನ ಖರ್ಚು ತಾನೇ ನೋಡಿಕೊಂಡಿತು. ಅದರ ಮೇಲಿನ ವ್ಯಾಪಾರದಲ್ಲಿ ಉಳಿಯುವ ಲಾಭ ನಿನ್ನ ಸಂಬಳ. ನಿನ್ನ ಕೈಗೆ ಹನ್ನೆರಡು ಸಾವಿರ ಬರಬೇಕು ಅಂದರೆ ದಿನಕ್ಕೆ ಎರಡೂವರೆ ಸಾವಿರ ವ್ಯಾಪಾರ ಬೇಕು. ಈ ವರ್ಷ ಅಷ್ಟಾಗದೆ ಇರಬಹುದು. ಅದನ್ನು ಈಗಲೇ ಮನಸ್ಸಿಗೆ ಹೇಳಿಟ್ಟುಕೊ, ಮನೆಯಲ್ಲಿ ಮಂಜು ಅವರಿಗೂ ಹೇಳು. ಅವರಿಗೆ ಗೊತ್ತಿದ್ದರೆ ರಾತ್ರಿ "ಇವತ್ತು ಎಷ್ಟಾಯ್ತು" ಅಂತ ಕೇಳುವ ಧ್ವನಿಯೇ ಬೇರೆ ಇರುತ್ತೆ.

ಈ ಲೆಕ್ಕದಲ್ಲಿ ನಿನ್ನ ಪರವಾಗಿರುವ ಒಂದು ವಿಷಯ ನೀನು ಗಮನಿಸಿಲ್ಲ ಅನ್ನಿಸುತ್ತೆ. ಫಾಲ್ ಮಾರಿದರೆ ಹತ್ತು, ಹನ್ನೆರಡು ರೂಪಾಯಿ ಉಳಿಯುತ್ತೆ. ಅದೇ ಸೀರೆಗೆ ಫಾಲ್ ಹಾಕಿ, ಜಿಗ್‌ಜಾಗ್ ಮಾಡಿ, ಕುಚ್ಚು ಕಟ್ಟಿ ಕೊಟ್ಟರೆ ಉಳಿಯುವುದು ನೂರುಗಳ ಲೆಕ್ಕದಲ್ಲಿ. ನಿನ್ನ ಕೈಯ ಕುಚ್ಚು ಎಷ್ಟು ಚೆಂದ ಅಂತ ನನ್ನ ಹಸಿರು ಸೀರೆ ಉಟ್ಟಾಗಲೆಲ್ಲ ಯಾರಾದರೂ ಕೇಳುತ್ತಾರೆ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಗಿರಾಕಿ ಇಲ್ಲ ಅಂತ ಫೋನ್ ಹಿಡಿದು ಕೂತರೆ ಮನಸ್ಸು ಇನ್ನೂ ಕುಗ್ಗುತ್ತೆ. ಆ ಹೊತ್ತಿನಲ್ಲಿ ಕುಚ್ಚು ಕಟ್ಟು. ನಾಲ್ಕೈದು ಮಾದರಿ ಕಟ್ಟಿ ಬಾಗಿಲ ಪಕ್ಕ ತೂಗು ಹಾಕು, ಒಂದೊಂದಕ್ಕೂ ರೇಟು ಬರೆ. ಮಾಲು ತರಲು ದುಡ್ಡು ಹಾಕದೆ ಬರುವ ದುಡಿಮೆ ಇದು. ಮೊದಲ ವರ್ಷ ಬಾಡಿಗೆ ಕಟ್ಟುವುದು ಇದೇ ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಇಷ್ಟವಾಗದ್ದನ್ನೂ ಹೇಳಿಬಿಡುತ್ತೇನೆ. ಹಿಂದಿನ ಶೆಲ್ಫಿನ ಕ್ಲಿಪ್ಪು, ಬಳೆ, ಸರದ ಸೆಟ್ಟುಗಳು. ಹದಿನಾಲ್ಕು ಸಾವಿರ ಅಲ್ಲಿ ಸಿಕ್ಕಿಕೊಂಡಿದೆ. ಫ್ಯಾನ್ಸಿ ಸ್ಟೋರು ನಿಮ್ಮ ರಸ್ತೆಯಲ್ಲೇ ಎರಡಿವೆ. ಇರುವುದನ್ನು ಸಿಕ್ಕ ಬೆಲೆಗೆ ಖಾಲಿ ಮಾಡು, ಮತ್ತೆ ತರಬೇಡ. ಆ ದುಡ್ಡಿಗೆ ಲೈನಿಂಗಿನ ಬಣ್ಣಗಳು ಬರಲಿ. ಕೇಳಿದ ಬಣ್ಣ ಇಲ್ಲ ಅಂತ ಎರಡು ಸಲ ಹೇಳಿಸಿಕೊಂಡ ಗಿರಾಕಿ ಮೂರನೇ ಸಲ ಬರಲ್ಲ. ಒಂದು ನೋಟ್‌ಬುಕ್ ಇಟ್ಟು, ಇಲ್ಲ ಅಂದ ಬಣ್ಣವನ್ನೆಲ್ಲ ಬರೆದುಕೊ. ಮಾರಿದ್ದಕ್ಕಿಂತ ಅದೇ ಪಟ್ಟಿ ನಿನಗೆ ಮುಖ್ಯ.

ಬೋರ್ಡೂ ಅಷ್ಟೇ. ಗಲ್ಲಿಯ ಒಳಗೆ ಬಂದ ಮೇಲೆ ಕಾಣುತ್ತೆ, ಮೇನ್ ರೋಡಿನಿಂದ ಕಾಣಲ್ಲ. ಮೂಲೆ ಅಂಗಡಿಯವರನ್ನು ಕೇಳಿ ಅವರ ಗೋಡೆ ಮೇಲೆ ಬಾಣದ ಗುರುತಿನ ಸಣ್ಣ ಬೋರ್ಡು ಹಾಕಿಸು.

ಉದ್ರಿ ಬಗ್ಗೆ ನಿನಗೆ ಹೇಳುವುದು ಕಷ್ಟ, ಯಾಕಂದರೆ ನಿನಗೆ ಇಲ್ಲ ಅನ್ನಲು ಬರಲ್ಲ. ಟೈಲರುಗಳದ್ದು ಬೇರೆ. ಅವರೇ ಗಿರಾಕಿ ಕಳಿಸುವವರು, ದಾರ, ಹುಕ್ಸು, ಲೈನಿಂಗು ದಿನಾ ಬೇಕು. ಅವರಿಗೆ ಕೊಡು, ಆದರೆ ಶನಿವಾರ ಚುಕ್ತಾ ಅಂತ ಮೊದಲೇ ಮಾತಾಡಿಕೊ. ಹಿಂದಿನ ವಾರದ್ದು ಬಾಕಿ ಇದ್ದರೆ ಹೊಸದು ಬರೆಯಬೇಡ. ನೆಂಟರದ್ದು ಹಾಗಲ್ಲ. ಚಿಕ್ಕಮ್ಮ ಆರು ಬ್ಲೌಸ್ ಪೀಸ್ ತಗೊಂಡು "ಆಮೇಲೆ ಕೊಡ್ತೀನಿ" ಅಂದರಂತೆ. "ಚಿಕ್ಕಮ್ಮ, ಮಾಲು ತಂದಿದ್ದಕ್ಕೆ ನಾನಿನ್ನೂ ದುಡ್ಡು ಕಟ್ಟಬೇಕು, ಬೇಜಾರು ಮಾಡ್ಕೋಬೇಡಿ" ಅಂತ ನಗುತ್ತಾ ಹೇಳು. ನಿಜವೂ ಅದೇ ಅಲ್ವಾ? ಒಂದು ದಿನ ಮುಖ ಊದಿಸಿಕೊಂಡಾರು. ಗಲ್ಲಾದಿಂದ ಹಾಲಿಗೆ, ತರಕಾರಿಗೆ ಅಂತ ಕೈ ಹಾಕುವುದನ್ನೂ ನಿಲ್ಲಿಸು. ವಾರಕ್ಕೆ ಐನೂರೋ ಏಳುನೂರೋ ನಿನ್ನ ಸಂಬಳ ಅಂತ ತೆಗೆದುಕೊ, ಅದನ್ನೂ ಬರೆದಿಡು.

ಫೋನ್‌ಪೇ ಸ್ಟ್ಯಾಂಡು ಒಳಗೆ ಎತ್ತಿಟ್ಟೆ ಅಂದೆ. ದಯವಿಟ್ಟು ಹೊರಗೆ ಇಡು. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಾಗ ಎಷ್ಟೋ ಜನ ಕ್ಯಾಶ್ ಮಾತ್ರ ಅಂತ ಬರೆದು ಹಾಕಿದ್ದರು, ಆ ಭಯ ನಿನಗೂ ಇದೆ. ಆದರೆ ಜಿಎಸ್‌ಟಿ ನೋಂದಣಿಯ ಮಿತಿ ಬರೀ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು, ಕುಚ್ಚು ಕಟ್ಟುವಂಥ ಕೆಲಸವನ್ನೂ ಮಾಡುವವರಿಗೆ 20 ಲಕ್ಷ. 20 ಲಕ್ಷ ಅಂದರೂ ದಿನಕ್ಕೆ ಹೆಚ್ಚುಕಡಿಮೆ ಐದೂವರೆ ಸಾವಿರ ಆಯಿತು. ಅಲ್ಲಿಗೆ ಮುಟ್ಟುವ ಹೊತ್ತಿಗೆ ನಾವಿಬ್ಬರೂ ಒಬ್ಬ ಆಡಿಟರ್ ಹತ್ತಿರ ಖುಷಿಯಿಂದಲೇ ಹೋಗೋಣ. ಈಗ ಮಾಡಬೇಕಾದ್ದು ಒಂದೇ, ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ತೆರೆದು ಆ ಕ್ಯೂಆರ್ ಇಡು. ಮಂಜು ಅವರು ಹಾಕುವ ಮನೆ ದುಡ್ಡು, ಚೀಟಿ ದುಡ್ಡು ಅದಕ್ಕೆ ಬರಬಾರದು.

ಇನ್ನೊಂದು ಮಾತು, ಇದನ್ನು ಹೇಳದೆ ಇರಲಾರೆ. ಮುಂದಿನ ಯುಗಾದಿ ತನಕ ಅಂತ ಒಂದು ಗಡುವು ಇಟ್ಟುಕೊ. ಅಷ್ಟರೊಳಗೆ ಇನ್ನೊಂದು ಒಡವೆ ಅಡವಿಡುವ ಯೋಚನೆ ಬಂದರೆ, ಇಡುವ ಮೊದಲು ನನಗೆ ಫೋನ್ ಮಾಡು. ಯುಗಾದಿಗೆ ಹಬ್ಬದ ವಾರಗಳನ್ನು ಬಿಟ್ಟು ಮಾಮೂಲಿ ದಿನಗಳಲ್ಲೂ ಸಾವಿರ ದಾಟುತ್ತಿದ್ದರೆ ಮುಂದುವರಿಸು. ದಾಟದಿದ್ದರೆ ಸಣ್ಣ ಜಾಗಕ್ಕೆ ಹೋಗುವುದೋ, ಮನೆಯಿಂದಲೇ ಕುಚ್ಚಿನ ಕೆಲಸ ಮಾಡುವುದೋ ಕೂತು ನೋಡೋಣ. ಆಗಲೂ ನಿನ್ನ ಕೆಲಸ, ನಿನ್ನ ಹೆಸರು, ಬರೆದುಕೊಂಡ ಆ ಗಿರಾಕಿಗಳ ನಂಬರು ನಿನ್ನ ಹತ್ತಿರವೇ ಇರುತ್ತವೆ. ಸಾಲ ಬೆಳೆಸಿಕೊಂಡು ಹಟಕ್ಕೆ ಕೂರುವುದು ಮಾತ್ರ ಬೇಡ.

ಈಗ ತುರ್ತಿನದ್ದು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ವಾರ ಇರುವಾಗಲೇ ಟೈಲರುಗಳು ಬ್ಲೌಸ್ ತಗೊಳ್ಳುವುದು ನಿಲ್ಲಿಸುತ್ತಾರೆ. ಅಂದರೆ ನಿನ್ನ ಗಿರಾಕಿ ಅದಕ್ಕೂ ಮೊದಲು ಬರುತ್ತಾರೆ, ಮಾಲು ಈ ತಿಂಗಳೇ ಅಂಗಡಿಯಲ್ಲಿರಬೇಕು. ಮುಂದಿನ ಶನಿವಾರ ನನಗೆ ರಜೆ. ಬೆಳಿಗ್ಗೆ ಚಿಕ್ಕಪೇಟೆಗೆ ಹೋಗಿ ಹೋಲ್‌ಸೇಲಿನಲ್ಲಿ ತೆಗೆದುಕೊಂಡು, ಸಂಜೆ ರೈಲಿಗೆ ತಿಪಟೂರಿಗೆ ಬರುತ್ತೇನೆ. ಭಾನುವಾರ ಇಬ್ಬರೂ ಸೇರಿ ಶೆಲ್ಫ್ ಜೋಡಿಸೋಣ. ಇಲ್ಲ ಅಂದ ಬಣ್ಣಗಳ ಪಟ್ಟಿ ಗುರುವಾರದೊಳಗೆ ಕಳಿಸು. ಫೋಟೋ ಬೇಡ, ಬಣ್ಣ ಮೋಸ ಮಾಡುತ್ತೆ. ಪ್ರತಿಯೊಂದಕ್ಕೂ ಒಂದು ಇಂಚು ಬಟ್ಟೆಯೋ ದಾರವೋ ಕಾಗದಕ್ಕೆ ಪಿನ್ ಮಾಡಿ, ಎಷ್ಟು ಮೀಟರ್ ಅಂತ ಪಕ್ಕದಲ್ಲಿ ಬರೆದು, ಬೆಂಗಳೂರಿಗೆ ಬರುವ ಯಾರ ಕೈಲಾದರೂ ಕೊಟ್ಟು ಕಳಿಸು. ಆ ನವಿಲು ಬಣ್ಣದ ಫಾಲನ್ನು ಪಟ್ಟಿಯ ಮೊದಲಿಗೇ ಬರೆ.

ನಿನ್ನ
ರೇಖಾ