ಸೊಂಟದ ತೀವ್ರ ಸ್ನಾಯು ಸೆಳೆತದ ನಿಮಿತ್ತ 14 ದಿನಗಳ ಪರಿವರ್ತಿತ ರಜೆ ಕೋರಿ ಅರ್ಜಿ

ದಿನಾಂಕ: 10-11-2025
ಸ್ಥಳ: ತುಮಕೂರು

ಇವರಿಂದ,
ಎಸ್. ಆರ್. ಸುಮಿತ್ರಾ
ಪ್ರಥಮ ದರ್ಜೆ ಸಹಾಯಕಿ, ವೇತನ ಶಾಖೆ
ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ಗುಬ್ಬಿ

ಇವರಿಗೆ,
ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳು
ಗುಬ್ಬಿ, ತುಮಕೂರು ಜಿಲ್ಲೆ

ಮೂಲಕ: ಪತ್ರಾಂಕಿತ ವ್ಯವಸ್ಥಾಪಕರು

ಮಾನ್ಯರೇ,

ವಿಷಯ: ದಿನಾಂಕ 10-11-2025ರಿಂದ 23-11-2025ರವರೆಗೆ ವೈದ್ಯಕೀಯ ಕಾರಣದ ಮೇಲೆ 14 ದಿನಗಳ ಪರಿವರ್ತಿತ ರಜೆ ಮಂಜೂರು ಮಾಡುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಿನ್ನೆ ಭಾನುವಾರ ಬೆಳಿಗ್ಗೆ ಮನೆಯಲ್ಲಿ ನೀರು ತುಂಬಿದ ಕೊಡವನ್ನು ಎತ್ತುವಾಗ ಸೊಂಟದ ಎಡಭಾಗದಲ್ಲಿ ಏಕಾಏಕಿ ತೀವ್ರ ಸೆಳೆತ ಉಂಟಾಗಿ, ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಲಾಗದ ಸ್ಥಿತಿ ಬಂದೊದಗಿತು. ಮನೆಯವರ ಆಸರೆಯಿಂದ ಮಂಚದವರೆಗೆ ತಲುಪಿದೆನಾದರೂ, ಮಗ್ಗುಲು ಬದಲಿಸುವುದು, ಕೆಮ್ಮುವುದು, ಕುಳಿತಲ್ಲಿಂದ ಏಳುವುದು ಇವೆಲ್ಲವೂ ಅಸಹನೀಯವಾದ ನೋವನ್ನು ತರುತ್ತಿವೆ. ಈ ದಿನ ಬೆಳಿಗ್ಗೆ ತುಮಕೂರಿನ ಜಿಲ್ಲಾ ಆಸ್ಪತ್ರೆಯ ಮೂಳೆ ಮತ್ತು ಕೀಲು ವಿಭಾಗದಲ್ಲಿ ತೋರಿಸಿದ್ದು, ವೈದ್ಯರು ಪರೀಕ್ಷಿಸಿ, ಎಕ್ಸ್-ರೇ ತೆಗೆಸಿ, ಇದು ಸೊಂಟದ ಸ್ನಾಯುಗಳ ತೀವ್ರ ಸೆಳೆತವೆಂದು ತಿಳಿಸಿರುತ್ತಾರೆ.

ಮೂಳೆಯಲ್ಲಿ ಬಿರುಕಾಗಲಿ, ಸ್ಥಾನಪಲ್ಲಟವಾಗಲಿ ಕಂಡುಬಂದಿಲ್ಲ. ಕಾಲುಗಳಲ್ಲಿ ಜೋಮು ಅಥವಾ ಶಕ್ತಿ ಕುಂದಿದ ಲಕ್ಷಣವೂ ಇಲ್ಲದಿರುವುದರಿಂದ ನರಕ್ಕೆ ಪೆಟ್ಟಾಗಿರುವ ಸೂಚನೆ ಸದ್ಯಕ್ಕೆ ಇಲ್ಲವೆಂದು ವೈದ್ಯರು ಹೇಳಿರುವುದು ನನಗೆ ದೊಡ್ಡ ಸಮಾಧಾನ ತಂದಿದೆ. ಮೊದಲ ಎರಡು ಮೂರು ದಿನ ಹೆಚ್ಚಿನ ಸಮಯ ಮಲಗಿ ವಿಶ್ರಾಂತಿ ಪಡೆದು, ಆನಂತರ ನೋವು ತಾಳಿಕೊಳ್ಳುವ ಮಟ್ಟಕ್ಕೆ ಮನೆಯೊಳಗೇ ನಿಧಾನವಾಗಿ ನಡೆದಾಡಬೇಕೆಂದೂ, ಎರಡನೆಯ ವಾರದಲ್ಲಿ ಫಿಸಿಯೋಥೆರಪಿ ಆರಂಭಿಸಬೇಕೆಂದೂ, ಈ ಅವಧಿಯುದ್ದಕ್ಕೂ ಬಗ್ಗುವುದು, ಭಾರ ಎತ್ತುವುದು, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರುವುದು ಹಾಗೂ ಬಸ್ ಪ್ರಯಾಣವನ್ನು ಸಂಪೂರ್ಣವಾಗಿ ಬಿಡಬೇಕೆಂದೂ ಸಲಹೆ ನೀಡಿದ್ದಾರೆ. ಸ್ನಾಯುಗಳನ್ನು ಸಡಿಲಗೊಳಿಸಲು ಕೊಟ್ಟಿರುವ ಮಾತ್ರೆಯಿಂದ ಮಂಪರು ಬರುವುದರಿಂದ, ಅದನ್ನು ತೆಗೆದುಕೊಳ್ಳುವ ದಿನಗಳಲ್ಲಿ ಲೆಕ್ಕಪತ್ರದ ಕೆಲಸ ಮಾಡುವುದು ಕ್ಷೇಮಕರವಲ್ಲವೆಂಬುದು ನನ್ನ ಭಾವನೆ. ವೇತನದ ಬಾಬಿನಲ್ಲಿ ಒಂದು ಅಂಕಿ ಆಚೀಚೆಯಾದರೂ ಅದರ ತೊಂದರೆಯನ್ನು ಅನುಭವಿಸಬೇಕಾದವರು ಶಿಕ್ಷಕರು.

ದಿನವಹಿ ತುಮಕೂರಿನಿಂದ ಗುಬ್ಬಿಗೆ ಬಸ್ಸಿನಲ್ಲಿ ಬಂದು ಹೋಗುವುದು, ಕಂಪ್ಯೂಟರಿನ ಮುಂದೆ ಸತತವಾಗಿ ಕುಳಿತು ಕೆಲಸ ಮಾಡುವುದು, ದಾಖಲೆ ಕೊಠಡಿಯ ಕೆಳಗಿನ ಸಾಲಿನಿಂದ ಸೇವಾ ಪುಸ್ತಕಗಳ ಕಟ್ಟುಗಳನ್ನು ಎಳೆದು ತೆಗೆಯುವುದು ನನ್ನ ಕರ್ತವ್ಯದ ಭಾಗವಾಗಿದ್ದು, ವೈದ್ಯರು ಬೇಡವೆಂದಿರುವ ಕೆಲಸಗಳೂ ಬಹುತೇಕ ಇವೇ ಆಗಿವೆ. ಎರಡು ಮೂರು ದಿನಗಳ ಸಾಂದರ್ಭಿಕ ರಜೆ ಪಡೆದು, ನೋವು ಸ್ವಲ್ಪ ಇಳಿದ ಕೂಡಲೇ ಹಾಜರಾಗಬಹುದೇ ಎಂದು ವೈದ್ಯರನ್ನು ಕೇಳಿದ್ದೆ. ಅರ್ಧಕ್ಕೆ ವಾಸಿಯಾದ ಸ್ನಾಯುವಿನ ಮೇಲೆ ಮತ್ತೆ ಒತ್ತಡ ಬಿದ್ದರೆ ಸೆಳೆತ ಮರುಕಳಿಸುವ ಸಂಭವ ಹೆಚ್ಚೆಂದೂ, ಆಗ ಇನ್ನೂ ದೀರ್ಘವಾದ ವಿಶ್ರಾಂತಿ ಬೇಕಾದೀತೆಂದೂ ಅವರು ಸ್ಪಷ್ಟವಾಗಿ ಹೇಳಿದ್ದರಿಂದ, ಬಿಡಿಬಿಡಿಯಾಗಿ ರಜೆ ಕೇಳುವ ಬದಲು ಎರಡು ವಾರಗಳ ರಜೆಯನ್ನು ಒಟ್ಟಾಗಿಯೇ ಕೋರುತ್ತಿದ್ದೇನೆ. ಮಧ್ಯೆ ಮಧ್ಯೆ ಗೈರಾಗುವುದಕ್ಕಿಂತ ಇದರಿಂದ ಶಾಖೆಯ ಕೆಲಸವನ್ನು ಹಂಚಿಕೊಡಲು ತಮಗೂ ಅನುಕೂಲವಾದೀತೆಂದು ನಂಬಿದ್ದೇನೆ.

ವೈದ್ಯಕೀಯ ದೃಢೀಕರಣ ಪತ್ರದಲ್ಲಿ ದಿನಾಂಕ 10-11-2025ರಿಂದ 23-11-2025ರವರೆಗೆ ಒಟ್ಟು 14 ದಿನಗಳ ವಿಶ್ರಾಂತಿಯನ್ನು ಸೂಚಿಸಲಾಗಿದೆ. ಈ ನಡುವೆ ಬರುವ ಭಾನುವಾರಗಳು ಹಾಗೂ ನಾಲ್ಕನೆಯ ಶನಿವಾರವೂ ರಜೆಯ ಅವಧಿಯಲ್ಲೇ ಸೇರಿರುತ್ತವೆ. ನನ್ನ ರಜೆ ಲೆಕ್ಕದಲ್ಲಿ 140 ದಿನಗಳ ಅರ್ಧ ವೇತನ ರಜೆ ಜಮೆ ಇರುವುದರಿಂದ, ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪ್ರಕಾರ ಅದರಲ್ಲಿ 28 ದಿನಗಳನ್ನು ಖರ್ಚು ಹಾಕಿ, ಮೇಲ್ಕಂಡ 14 ದಿನಗಳನ್ನು ಪೂರ್ಣ ವೇತನ ಸಹಿತ ಪರಿವರ್ತಿತ ರಜೆಯಾಗಿ ಮಂಜೂರು ಮಾಡಬೇಕೆಂದು ಕೋರುತ್ತೇನೆ.

ರಜೆಯ ಅವಧಿಯಲ್ಲಿಯೇ ನವೆಂಬರ್ ತಿಂಗಳ ವೇತನ ಬಿಲ್ಲು ತಯಾರಾಗಬೇಕಿರುವುದು ನನಗೆ ಎಲ್ಲಕ್ಕಿಂತ ಹೆಚ್ಚಿನ ಚಿಂತೆಯ ವಿಷಯವಾಗಿದೆ. ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರ ವೇತನ ಒಂದು ದಿನವೂ ತಡವಾಗಬಾರದೆಂಬ ಕಾರಣಕ್ಕೆ, ಕಳೆದ ಶುಕ್ರವಾರದವರೆಗೆ ಬಂದಿದ್ದ ವಾರ್ಷಿಕ ವೇತನ ಬಡ್ತಿ, ಸಾಲದ ಕಂತು ಮತ್ತು ವೇತನರಹಿತ ರಜೆಯ ಬದಲಾವಣೆಗಳನ್ನು ಎಚ್.ಆರ್.ಎಂ.ಎಸ್. ತಂತ್ರಾಂಶದಲ್ಲಿ ಈಗಾಗಲೇ ನಮೂದಿಸಿದ್ದೇನೆ. ಕ್ಲಸ್ಟರುಗಳಿಂದ ಬರಬೇಕಾದ ಹಾಜರಾತಿ ವಿವರಗಳ ಪಟ್ಟಿ ನನ್ನ ಮೇಜಿನ ಬಲಗಡೆಯ ಖಾನೆಯಲ್ಲಿ ಹಸಿರು ಕಡತದೊಳಗೆ ಇದೆ. ಬಂದಿರುವ ಕ್ಲಸ್ಟರಿನ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದು, ಗುರುತಿಲ್ಲದವುಗಳನ್ನು ಮಾತ್ರ ವಿಚಾರಿಸಿದರೆ ಸಾಕು. ಶಾಖೆಯ ದ್ವಿತೀಯ ದರ್ಜೆ ಸಹಾಯಕರು ಹಿಂದೆಯೂ ನನ್ನೊಂದಿಗೆ ಬಿಲ್ಲು ತಯಾರಿಸಿದ ಅನುಭವವುಳ್ಳವರಾಗಿದ್ದು, ಪ್ರಭಾರ ವಹಿಸಿಕೊಳ್ಳಲು ದೂರವಾಣಿಯಲ್ಲಿ ಒಪ್ಪಿರುತ್ತಾರೆ. ಆದರೆ ನನ್ನ ಲಾಗಿನ್ ಅನ್ನೇ ಅವರು ಬಳಸುವುದು ನಿಯಮಕ್ಕೂ ಹೊಣೆಗಾರಿಕೆಗೂ ಸರಿಹೊಂದುವುದಿಲ್ಲವಾದ್ದರಿಂದ, ಈ ಅವಧಿಗೆ ಅವರ ಹೆಸರಿನಲ್ಲಿಯೇ ಅಗತ್ಯ ಅನುಮತಿಯನ್ನು ಕಲ್ಪಿಸಿಕೊಡಬೇಕೆಂದು ವಿಶೇಷವಾಗಿ ವಿನಂತಿಸುತ್ತೇನೆ.

ಇದರ ಜೊತೆಗೆ, ಬರುವ ಜನವರಿ ಅಂತ್ಯಕ್ಕೆ ವಯೋನಿವೃತ್ತಿ ಹೊಂದಲಿರುವ ಶಿಕ್ಷಕಿಯೊಬ್ಬರ ಪಿಂಚಣಿ ಪ್ರಸ್ತಾವನೆಯನ್ನು ಮಹಾಲೇಖಪಾಲರ ಕಚೇರಿಗೆ ಕಳುಹಿಸುವುದು ಬಾಕಿ ಇದೆ. ಕಡತ ಸಿದ್ಧವಾಗಿದ್ದು, ಸೇವಾ ಪುಸ್ತಕದ ಒಂದು ಪುಟದಲ್ಲಿ ತಮ್ಮ ದೃಢೀಕರಣದ ಸಹಿ ಮಾತ್ರ ಆಗಬೇಕಿದೆ. ಆ ಪುಟಕ್ಕೆ ಚೀಟಿ ಅಂಟಿಸಿದ್ದೇನೆ. ಅಷ್ಟು ವರ್ಷ ದುಡಿದವರ ಪಿಂಚಣಿ ನನ್ನ ಅನಾರೋಗ್ಯದ ಕಾರಣಕ್ಕೆ ಒಂದು ದಿನವೂ ಮುಂದಕ್ಕೆ ಹೋಗಬಾರದೆಂಬ ಕಳಕಳಿಯಿಂದ ಇದನ್ನು ಪ್ರತ್ಯೇಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ. ಉಳಿದ ಕಡತಗಳು ನಾನು ಹಿಂದಿರುಗುವವರೆಗೆ ಕಾಯಬಹುದಾದವು.

ರಜೆಯ ಅವಧಿಯಲ್ಲಿ ನಾನು ಸೇವಾ ಪುಸ್ತಕದಲ್ಲಿ ದಾಖಲಾಗಿರುವ ತುಮಕೂರಿನ ಮನೆಯ ವಿಳಾಸದಲ್ಲಿಯೇ ಇರುತ್ತೇನೆ. ಬಿಲ್ಲಿಗೆ ಸಂಬಂಧಿಸಿದ ಯಾವುದೇ ಸಂದೇಹವಿದ್ದಲ್ಲಿ ಶಾಖೆಯವರು ಮಧ್ಯಾಹ್ನ 3 ಗಂಟೆಯ ನಂತರ ದೂರವಾಣಿ ಮಾಡಿದರೆ ಮಲಗಿದ್ದಲ್ಲಿಂದಲೇ ಉತ್ತರಿಸಬಲ್ಲೆ. ಬೆಳಗಿನ ಹೊತ್ತು ಔಷಧದ ಮಂಪರು ಇರುವುದರಿಂದ ಈ ಸಮಯವನ್ನು ಸೂಚಿಸುತ್ತಿದ್ದೇನೆ. ದಿನಾಂಕ 24-11-2025ರ ಸೋಮವಾರ ವೈದ್ಯರಿಂದ ಪಡೆದ ಫಿಟ್‌ನೆಸ್ ಪ್ರಮಾಣಪತ್ರದೊಂದಿಗೆ ಕರ್ತವ್ಯಕ್ಕೆ ಹಾಜರಾಗುತ್ತೇನೆ. ಒಂದು ವೇಳೆ ಆ ಹೊತ್ತಿಗೂ ಕೆಲಸಕ್ಕೆ ಯೋಗ್ಯಳಲ್ಲವೆಂದು ವೈದ್ಯರು ಅಭಿಪ್ರಾಯಪಟ್ಟಲ್ಲಿ, ರಜೆ ಮುಗಿಯುವ ಮೊದಲೇ ಹೊಸ ದೃಢೀಕರಣ ಪತ್ರದೊಂದಿಗೆ ತಮಗೆ ಲಿಖಿತವಾಗಿ ತಿಳಿಸುತ್ತೇನೆ.

ಖುದ್ದಾಗಿ ಬಂದು ಅರ್ಜಿ ಸಲ್ಲಿಸುವ ಸ್ಥಿತಿಯಲ್ಲಿ ಇಲ್ಲದ ಕಾರಣ, ಈ ಅರ್ಜಿಯನ್ನು ಮತ್ತು ನನ್ನ ವಶದಲ್ಲಿದ್ದ ಬೀರುವಿನ ಕೀಲಿಯನ್ನು ನನ್ನ ಪತಿಯವರ ಮೂಲಕ ಕಳುಹಿಸುತ್ತಿದ್ದೇನೆ. ಕೀಲಿ ಸ್ವೀಕರಿಸಿದ್ದಕ್ಕೆ ಪತ್ರಾಂಕಿತ ವ್ಯವಸ್ಥಾಪಕರು ಅರ್ಜಿಯ ಎರಡನೆಯ ಪ್ರತಿಯ ಮೇಲೆ ಸ್ವೀಕೃತಿ ನೀಡಬೇಕೆಂದು ಕೋರುತ್ತಾ, ನನ್ನ ಆರೋಗ್ಯದ ಸ್ಥಿತಿಯನ್ನು ಸಹಾನುಭೂತಿಯಿಂದ ಪರಿಗಣಿಸಿ ರಜೆಯನ್ನು ಮಂಜೂರು ಮಾಡಿಕೊಡಬೇಕಾಗಿ ತಮ್ಮಲ್ಲಿ ವಿನಮ್ರವಾಗಿ ಪ್ರಾರ್ಥಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಎಸ್. ಆರ್. ಸುಮಿತ್ರಾ
ಪ್ರಥಮ ದರ್ಜೆ ಸಹಾಯಕಿ

ಅಡಕಗಳು: ವೈದ್ಯಕೀಯ ದೃಢೀಕರಣ ಪತ್ರದ ಮೂಲ ಪ್ರತಿ, ಹೊರರೋಗಿ ಚೀಟಿ ಮತ್ತು ಎಕ್ಸ್-ರೇ ವರದಿಯ ನಕಲು, ಬಾಕಿ ಕಡತಗಳ ಪಟ್ಟಿ.