ಆಯಿ ಬರೆಯದ ಹತ್ತು ಅಕ್ಷರ

‘ಧಾರವಾಡ’ ಅಂತ ಟೈಪ್ ಮಾಡಿದಳು ಶೈಲಾ. ‘ರವಾಡ’ ಆಯಿಯ ಕೈಬರಹದಲ್ಲಿ ಮೂಡಿತು. ‘ಧಾ’ ಮಾತ್ರ ಕಂಪ್ಯೂಟರಿನ ಬೇರೆ ಯಾವುದೋ ಫಾಂಟಿನದು. ನೀಟಾಗಿ, ಬೋಳಾಗಿ, ಕರೆಯದೆ ಪಂಕ್ತಿಗೆ ಬಂದು ಕೂತವರ ಹಾಗೆ.

ಆಯಿಯ ಕೈಬರಹವನ್ನೇ ಫಾಂಟ್ ಮಾಡುವ ನಾಲ್ಕು ತಿಂಗಳ ಕೆಲಸ ಅದು. ಹುಬ್ಬಳ್ಳಿಯ ಆಫೀಸಿನಲ್ಲಿ ದಿನವಿಡೀ ಪಾಕೀಟುಗಳ ಲೇಬಲ್ ಮಾಡಿ, ರಾತ್ರಿ ಮಾಳಮಡ್ಡಿಯ ಮನೆಯಲ್ಲಿ ಆಯಿಯ ವಹಿ ತೆರೆಯುವಳು. ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಲೆಕ್ಕದ ವಹಿ. ಆಯಿ ಮದುವೆಯಾಗಿ ಬಂದ ಮರುವರ್ಷ, 1966ರಲ್ಲಿ ಅದರಲ್ಲಿ ಅಡುಗೆ ಬರೆದಿಡಲು ಶುರುಮಾಡಿದ್ದು. ಒಂದೊಂದು ಹಾಳೆಯನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಎಣ್ಣೆ ಕಲೆಯಲ್ಲಿ ಹರಡಿದ ಶಾಯಿ ಬಿಟ್ಟು ಉಳಿದ ಗೆರೆಯನ್ನು ಹುಡುಕಿ, ಅಕ್ಷರದ ಸುತ್ತ ಚುಕ್ಕಿ ಇಡಬೇಕು. ಚುಕ್ಕಿ ಹೆಚ್ಚಾದರೆ ಗೆರೆ ಮುರಿಯುತ್ತದೆ, ಕಡಿಮೆಯಾದರೆ ಅದು ಆಯಿಯ ಕೈ ಅಲ್ಲ.

ಅತಿ ಹೆಚ್ಚು ಸಿಕ್ಕಿದ್ದು ‘ಳ್ಳ’. ಗುರೆಳ್ಳು, ಬಳ್ಳೊಳ್ಳಿ, ಎಳ್ಳು. ಆಯಿಯ ಒತ್ತು ಕೆಳಗಿಳಿದು, ಬಾಲ ಎಡಕ್ಕೆ ಹೊರಳಿ, ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಕತ್ತರಿಸಿ ಗಿಡ್ಡ ಮಾಡಬಹುದಿತ್ತು. ಶೈಲಾ ಸಾಲುಗಳ ನಡುವಿನ ಜಾಗವನ್ನೇ ಹೆಚ್ಚಿಸಿದಳು. ಒತ್ತಕ್ಷರ ತನ್ನ ಜಾಗದಲ್ಲಿ ಕೂರುವಂತೆ `blwf` ನಿಯಮ ಬರೆಯುತ್ತ ಎಷ್ಟೋ ರಾತ್ರಿ ಹನ್ನೆರಡು ಹೊಡೆದಿತ್ತು. ಇಷ್ಟೆಲ್ಲ ಮಾಡಿಯೂ ಊರಿನ ಹೆಸರೇ ಬರುತ್ತಿಲ್ಲ.

ವಹಿಯನ್ನು ಮೊದಲಿನಿಂದ ತಿರುವಿದಳು. ‘ಗುರೆಳ್ಳ ಅಚ್ಚೇರ. ಸಣ್ಣ ಉರಿಮ್ಯಾಲ ಗಮ್ ಅನ್ನೂತನಾ ಹುರಿಬೇಕು. ಬಳ್ಳೊಳ್ಳಿ, ಜೀರಗಿ, ಉಪ್ಪ, ಕಾರ.’ ಘಮ ಇಲ್ಲ, ಖಾರ ಇಲ್ಲ. ಇಡೀ ವಹಿಯಲ್ಲಿ ಒಂದೂ ಮಹಾಪ್ರಾಣ ಇಲ್ಲ. ಹತ್ತಕ್ಕೆ ಹತ್ತೂ ಇಲ್ಲ.

ಮರುದಿನ ಬೆಳಿಗ್ಗೆ ಕಾಗದ, ಪೆನ್ನು ಹಿಡಿದು ಆಯಿಯ ಮುಂದೆ ಕೂತಳು. ಆಯಿ ಮೊರದಲ್ಲಿ ಸಜ್ಜಿ ಹಸನು ಮಾಡುತ್ತಿದ್ದಳು.

“ಆಯಿ, ಇದರಾಗ ಧಾರವಾಡದ ‘ಧ’ ಇಲ್ಲ. ಒಂದ್ ಬರದು ಕೊಡು.”

ಆಯಿಯ ಕೈ ನಿಂತಿತು. “ಅಂದ್ರ ಇಷ್ಟ್ ವರ್ಷ ತಪ್ಪು ಬರದೇನಿ?”

ಹಾಗೆ ಕೇಳಬಾರದಿತ್ತು ಅನಿಸಿ ಶೈಲಾಳ ಗಂಟಲು ಕಟ್ಟಿತು. “ತಪ್ಪಲ್ಲ ಆಯಿ...”

“ನಾಕನೇ ಇಯತ್ತೆ ತನಕ ಕಲ್ತೇನವಾ. ನನಗ ‘ಧ’ ಬರ್ತಿತ್ತು.” ಆಯಿ ಮೊರವನ್ನು ಪಕ್ಕಕ್ಕೆ ಸರಿಸಿದಳು. “ನಮ್ಮತ್ತಿಗೆ ಓದಾಕ ಬರ್ತಿದ್ದಿಲ್ಲ. ಒಲಿ ಮುಂದ ಕುಂತು ಅಕಿ ಹೇಳಾಕಿ, ನಾ ಬರ್ಯಾಕಿ. ಬರದಿದ್ದು ಓದಿ ತೋರ್ಸು ಅಂತಿದ್ಲು. ‘ಘಮ’ ಅಂತ ಓದಿದ್ರ, ನಾ ಎಲ್ಲಿ ಹಂಗಂದೆ, ನಾ ಅಂದಂಗ ಬರಿ ಅಂತಿದ್ಲು. ಅಕಿ ಬಾಯಾಗ ಇಲ್ಲದ್ದು ನಾ ಹೆಂಗ ಬರೀಲಿ?”

ಶೈಲಾ ವಹಿಯನ್ನು ನೋಡಿದಳು. ನಾಲ್ಕು ತಿಂಗಳು ಈ ಅಕ್ಷರಗಳ ಸುತ್ತಳತೆ ಅಳೆದಿದ್ದಳು. ದನಿ ಕೇಳಿರಲಿಲ್ಲ.

ಆಯಿ ಪೆನ್ನು ತಗೊಂಡಳು. ‘ದ’ ಬರೆದಳು. ಆ ದುಂಡು ಇನ್ನೂ ಹಾಗೇ ಇತ್ತು, ಗೆರೆ ಮಾತ್ರ ಈಗ ನಡುಗುತ್ತಿತ್ತು. ಆಮೇಲೆ ಉಸಿರು ಹಿಡಿದು, ಎಡಗೈಯಿಂದ ಬಲಗೈ ಮಣಿಕಟ್ಟು ಒತ್ತಿಕೊಂಡು, ಅದರ ಹೊಟ್ಟೆಯ ಕೆಳಗೆ ಪುಟ್ಟ ಗೀಟು ಎಳೆದಳು. ಧ. ಹತ್ತೂ ಅಕ್ಷರ ಮುಗಿಯಲು ಅರ್ಧ ತಾಸು ಹಿಡಿಯಿತು. ‘ಝ’ ಎರಡು ಸಲ ಕೆಟ್ಟಿತು, ಮೂರನೇ ಸಲಕ್ಕೆ ಬಂತು.

ರಾತ್ರಿ ಅವನ್ನು ಫಾಂಟಿಗೆ ತಂದಾಗ ಶೈಲಾ ಅಭ್ಯಾಸಬಲದಿಂದ ನಡುಕದ ಚುಕ್ಕಿಗಳನ್ನು ಒಂದೊಂದೇ ಅಳಿಸತೊಡಗಿದ್ದಳು. ‘ಖ’ ನುಣುಪಾಯಿತು. ಹಳೆಯ ‘ದ’ಗೇ ಒಂದು ಗೀಟು ಹಚ್ಚಿದರೆ ‘ಧ’ವೂ ಆಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನುಣುಪಾದ ‘ಖ’ವನ್ನು ಸ್ವಲ್ಪ ಹೊತ್ತು ನೋಡಿ, ಅಳಿಸಿದ್ದನ್ನೆಲ್ಲ ವಾಪಸ್ ತಂದಳು. ಧಾರವಾಡ ಅಂತ ಬರೆದರೆ ಈಗ ಮೊದಲ ಅಕ್ಷರ ಎಂಬತ್ತರ ಹತ್ತಿರದ ಕೈಯದು, ಉಳಿದವು ಇಪ್ಪತ್ತರ ಸೊಸೆಯವು.

ಫಾಂಟಿಗೆ ಆಯಿಯ ಹೆಸರಿಡುವ ಆಸೆ ಶೈಲಾಳದು. ಆಯಿ ಒಪ್ಪಲಿಲ್ಲ. “ಅಡಗಿ ಅಕೀದು, ಮಾತೂ ಅಕೀದು. ನಮ್ಮತ್ತಿ ಹೆಸರಿಡು.”

ಶೈಲಾ ಹೊಸ ‘ಭ’ ಬಳಸಿ ದೊಡ್ಡದಾಗಿ ‘ಭಾಗವ್ವ’ ಅಂತ ಬರೆದು ಲ್ಯಾಪ್‌ಟಾಪನ್ನು ಆಯಿಯ ತೊಡೆಯ ಮೇಲಿಟ್ಟಳು. ಆಯಿ ಚಷ್ಮಾ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಬೆರಳು ‘ಭ’ದ ಕೆಳಗಿನ ಗೀಟಿನ ಮೇಲೆ ನಿಂತಿತು.

“ಚಂದ ಬಂದೈತಿ. ಆದ್ರ ಇದನ್ನ ತಗಿಯವಾ. ಅಕಿ ತನ್ನ ಹೆಸರನ್ನೂ ಬಾಗವ್ವ ಅಂತಿದ್ಲು.”

ಶೈಲಾ ಕಡತದ ಹೆಸರು ತೆರೆದಳು. `Bhagavva-Regular.otf`. ಕರ್ಸರನ್ನು h ಪಕ್ಕಕ್ಕೆ ಒಯ್ದು, ಆಯಿ ನೋಡುತ್ತಿರುವಂತೆಯೇ ಅದನ್ನು ಅಳಿಸಿದಳು.